ಅಪ್‌ಡೇಟ್: ವೆಬ್‌ಕ್ಯಾಮ್‌ನಲ್ಲಿ ಮುಖ ಮಂಕು, ಚುಕ್ಕಿ ಚುಕ್ಕಿ

ನಾನು ಕೇಳಿದ್ದು: "ವೀಡಿಯೊ ಕಾಲ್‌ನಲ್ಲಿ ನನ್ನ ಮುಖ ಕತ್ತಲಾಗಿ, ಮರಳು ಚೆಲ್ಲಿದ ಹಾಗೆ ಕಾಣುತ್ತೆ. ಲ್ಯಾಪ್‌ಟಾಪ್ ಕ್ಯಾಮೆರಾನೇ ಹಾಳಾಗಿದೆಯಾ?"

ಇಲ್ಲ, ಕ್ಯಾಮೆರಾ ಚೆನ್ನಾಗಿಯೇ ಇದೆ. ಕೆಲಸ ಮಾಡಿದ್ದು "ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ" ಅನ್ನೋ ಸಲಹೆ. ಹಿಂದಿನ ಕಿಟಕಿಯ ಬೆಳಕಿಗೆ ಕ್ಯಾಮೆರಾ ತಾನೇ ಎಕ್ಸ್‌ಪೋಶರ್ ಇಳಿಸಿಕೊಳ್ತಿತ್ತು, ಅದಕ್ಕೇ ಮುಖ ಕಪ್ಪು. ಮೇಜನ್ನು ತಿರುಗಿಸಿ ಕಿಟಕಿ ಎದುರಿಗೆ ಬರುವ ಹಾಗೆ ಮಾಡಿದೆ, ಹಗಲಿನ ತೊಂದರೆ ಅಲ್ಲಿಗೇ ಮುಗೀತು.

ರಾತ್ರಿಯದ್ದೇ ಕಷ್ಟ. ಮೊದಲು ಬ್ರೈಟ್‌ನೆಸ್ ಏರಿಸಿ ನೋಡಿದೆ. ಮುಖ ಬೆಳ್ಳಗಾಯ್ತು, ಚುಕ್ಕಿಗಳೂ ಜೊತೆಗೇ ಎದ್ದು ಕಂಡವು. ಬೆಳಕು ಸಾಲದಾಗ ಸೆನ್ಸರ್ ತನಗೆ ಸಿಕ್ಕ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುತ್ತೆ, ಅದರ ಜೊತೆ ಚುಕ್ಕಿಗಳಾಗಿ ಕಾಣೋ ಗದ್ದಲವೂ ಹಿಗ್ಗುತ್ತೆ. ಜೂಮ್‌ನ Adjust for low light ಆನ್ ಮಾಡಿದಾಗಲೂ ಮುಖ ಬೆಳಗಿತು ಅಷ್ಟೇ, ಚುಕ್ಕಿ ಹೋಗಲಿಲ್ಲ. ತಲೆ ಮೇಲಿನ ದೀಪ ಒಂದೇ ಇದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತೆ.

ಕೊನೆಗೆ ಟೇಬಲ್ ಲ್ಯಾಂಪನ್ನು ಲ್ಯಾಪ್‌ಟಾಪಿನ ಹಿಂದೆ, ಸ್ವಲ್ಪ ಎಡಕ್ಕೆ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಇಟ್ಟು, ಬಲ್ಬನ್ನು ನನ್ನ ಕಡೆಗಲ್ಲ, ಎದುರಿನ ಬಿಳಿ ಗೋಡೆಗೆ ತಿರುಗಿಸಿದೆ. ಗೋಡೆಗೆ ಬಡಿದು ಬಂದ ಬೆಳಕು ಮೆತ್ತಗೆ ಮುಖದ ತುಂಬ ಹರಡಿತು. ಕೆನ್ನೆ ಮೇಲೆ ಕುಣೀತಿದ್ದ ಚುಕ್ಕಿಗಳು ಹೆಚ್ಚುಕಡಿಮೆ ಮಾಯ!

ಗೊತ್ತಿರದ ಇನ್ನೊಂದು ವಿಷಯ: ಕೈ ಆಡಿಸಿದಾಗ ಚಿತ್ರ ಎಳೆದ ಹಾಗೆ ಆಗ್ತಿದ್ದದ್ದಕ್ಕೂ ಕತ್ತಲೇ ಕಾರಣ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ತಗೊಳ್ಳುತ್ತೆ. ನಾನು ಇಷ್ಟು ದಿನ ಇಂಟರ್ನೆಟ್ಟನ್ನು ಬೈಕೊಂಡಿದ್ದೆ. ಲ್ಯಾಂಪ್ ಹಚ್ಚಿದ ಮೇಲೆ ಅದೂ ಸರಿಹೋಯ್ತು.