ಅಪ್‌ಡೇಟ್: ಕಿರುಸಾಲದ ಪ್ರಬಂಧದಲ್ಲಿ ಸಾಹಿತ್ಯ ಸಮೀಕ್ಷೆ

ನನ್ನ ಪ್ರಶ್ನೆ: "ಕಿರುಸಾಲದಿಂದ ಮಹಿಳೆಯರ ಆದಾಯ ಹೆಚ್ಚುತ್ತದೆಯೇ ಎಂಬ ಪಿಎಚ್‌ಡಿ ಪ್ರಬಂಧ. ಜೂನಿಯರ್ ಒಬ್ಬರು ಸಾಹಿತ್ಯ ಸಮೀಕ್ಷೆ ನೋಡಿಕೊಡಿ ಅಂದಿದ್ದಾರೆ. ಉಲ್ಲೇಖಗಳು ಬೇಕಾದಷ್ಟಿವೆ, ಆದರೂ ಏನೋ ಕೊರತೆ. ಎಲ್ಲಿಂದ ಶುರು ಮಾಡಲಿ?"

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದಂತೆ, ಇಡೀ ಅಧ್ಯಾಯ ಯಾವ ಲೇಖನದ ಮೇಲೆ ನಿಂತಿದೆಯೋ ಅದನ್ನೇ ಮೊದಲು ಹಿಡಿದೆ. ಅದು ಪಿಟ್ ಮತ್ತು ಖಂಡ್ಕರ್ ಅವರ 1998ರ ಬಾಂಗ್ಲಾದೇಶ ಅಧ್ಯಯನ. ಮಹಿಳೆಗೆ 100 ಟಾಕಾ ಸಾಲ ಕೊಟ್ಟರೆ ಮನೆಯ ವಾರ್ಷಿಕ ಖರ್ಚು 18 ಟಾಕಾ ಏರುತ್ತದೆ ಅನ್ನುತ್ತದೆ. ಗಮನಿಸಿ, ಖರ್ಚು. ಪ್ರಬಂಧದಲ್ಲಿ ಅದು ಸುಮ್ನೆ ಆದಾಯ ಆಗಿಬಿಟ್ಟಿತ್ತು!

ಆಮೇಲೆ Google Scholar ನಲ್ಲಿ Cited by ಒತ್ತಿ ನೋಡಿದೆ. ರೂಡ್‌ಮನ್ ಮತ್ತು ಮೊರ್ಡಕ್ 2014ರಲ್ಲಿ ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿ, ಆ ತೀರ್ಮಾನ ಗಟ್ಟಿಯಲ್ಲ ಅಂದಿದ್ದಾರೆ. ಪಿಟ್ ಅದನ್ನು ಒಪ್ಪಿಲ್ಲ. 2015ರಲ್ಲಿ ಆರು ದೇಶಗಳ ಪ್ರಯೋಗಗಳು ಒಟ್ಟಿಗೆ ಬಂದವು, ನಮ್ಮ ಹೈದರಾಬಾದಿನದೂ ಅದರಲ್ಲಿತ್ತು. ಸರಾಸರಿ ಆದಾಯದಲ್ಲಿ ದೊಡ್ಡ ಏರಿಕೆ ಕಾಣಲಿಲ್ಲ. ಈ ಯಾವುದೂ ಅಧ್ಯಾಯದಲ್ಲಿಲ್ಲ.

ಉಳಿದದ್ದು "ಇವರು ಹೀಗೆಂದರು, ಅವರು ಹಾಗೆಂದರು" ಸಾಲು. ಹಾಗಾಗಿ ಒಂದು ಪಟ್ಟಿ ಮಾಡಿಸಿದೆ: ಊರು, ವಿಧಾನ, ಏನನ್ನು ಅಳೆದರು, ಏನು ಸಿಕ್ಕಿತು. ಪಟ್ಟಿ ನೋಡಿದರೆ, ಲಾಭ ಜಾಸ್ತಿ ತೋರಿಸಿದವೆಲ್ಲ ಸಾಲ ಪಡೆದವರನ್ನು ಪಡೆಯದವರ ಜೊತೆ ಹೋಲಿಸಿದ ಸಮೀಕ್ಷೆಗಳೇ. ಸಾಲಕ್ಕೆ ಮುಂದೆ ಬರುವವರು ಮೊದಲೇ ಚುರುಕಾಗಿರಬಹುದು, ಅಲ್ವಾ? ಅಧ್ಯಾಯದಲ್ಲಿ ಆ ಪ್ರಶ್ನೆಯನ್ನೇ ಎತ್ತಿರಲಿಲ್ಲ.

"ಈ ಜಿಲ್ಲೆಯಲ್ಲಿ ಯಾರೂ ಅಧ್ಯಯನ ಮಾಡಿಲ್ಲ" ಅನ್ನುವ ಸಾಲನ್ನು ಹೊಡೆದುಹಾಕಿಸಿದೆ. ಅಷ್ಟಕ್ಕೇ ಅದು ಸಂಶೋಧನೆಯ ಕೊರತೆ ಆಗಲ್ಲ. ಸ್ವಸಹಾಯ ಗುಂಪಿನ ಸಾಲವನ್ನೂ ಕಿರುಸಾಲ ಕಂಪನಿಗಳು ಕೊಡುವ ಸಾಲವನ್ನೂ ಒಂದೇ ಅಂತ ಬೆರೆಸಿರುವುದು ನಿಜವಾದ ಕೊರತೆ. ಈಗ ಅದನ್ನೇ ಬಿಡಿಸಿ ಬರೆಯುತ್ತಿದ್ದಾರೆ.