ಒಂದೇ ರಿಪೋರ್ಟ್ ಕಾರ್ಡಲ್ಲಿ ಎರಡು ಜಿಪಿಎ: 3.75 ನೋಡಬೇಕಾ, 4.25 ನೋಡಬೇಕಾ?

ಮಂಡ್ಯದ ಸೊಸೆ: ನಾವು ಇರೋದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಮಗಳು 10ನೇ ಗ್ರೇಡ್. ಸೆಮಿಸ್ಟರ್ ರಿಪೋರ್ಟಲ್ಲಿ ಅನ್‌ವೇಟೆಡ್ 3.75, ವೇಟೆಡ್ 4.25 ಅಂತ ಎರಡು ಜಿಪಿಎ ಬಂದಿದೆ. ಯಾವುದು ನಿಜವಾದದ್ದು? ಆರ್ಕೆಸ್ಟ್ರಾದಿಂದ ಜಿಪಿಎ ಇಳಿಯುತ್ತೆ, ಮುಂದಿನ ವರ್ಷ ಅದನ್ನ ಬಿಟ್ಟು ಇನ್ನೊಂದು ಎಪಿ, ಅಂದರೆ ಕಾಲೇಜ್ ಮಟ್ಟದ ಕೋರ್ಸ್, ತಗೋತೀನಿ ಅಂತಾಳೆ. ಆರ್ಕೆಸ್ಟ್ರಾದಲ್ಲಿ ಬಂದಿರೋದು ಎ! ಎ ಬಂದರೆ ಇಳಿಯೋದು ಹೇಗೆ? ಗೊತ್ತಿರೋರು ಹೇಳಿ.

ಲೆಕ್ಕದ ಮೇಷ್ಟ್ರು: ನಿಮ್ಮ ಮಗಳು ಹೇಳ್ತಿರೋದು ಸರಿ, ಆದರೆ ಅರ್ಧ ಕಥೆ. ನನ್ನ ಇಬ್ಬರು ಮಕ್ಕಳೂ ಇದೇ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಿದ್ದಾರೆ, ಆ ಅನುಭವದಿಂದ ಹೇಳ್ತೀನಿ.

ಅನ್‌ವೇಟೆಡ್‌ನಲ್ಲಿ ಎ ಅಂದರೆ 4, ಬಿ ಅಂದರೆ 3, ಸಿ ಅಂದರೆ 2. ವಿಷಯ ಎಷ್ಟು ಕಷ್ಟ ಅಂತ ಅದು ಕೇಳೋದೇ ಇಲ್ಲ. ವೇಟೆಡ್‌ನಲ್ಲಿ ನಮ್ಮ ರಾಜ್ಯದ ನಿಯಮದಂತೆ, ಮಾಮೂಲಿಗಿಂತ ಕಷ್ಟದ ಆನರ್ಸ್ ಕೋರ್ಸಿಗೆ ಅರ್ಧ ಪಾಯಿಂಟ್, ಎಪಿಗೆ ಒಂದು ಪಾಯಿಂಟ್ ಮೇಲೆ ಸಿಗುತ್ತೆ. 2015ರಲ್ಲಿ 9ನೇ ಗ್ರೇಡ್ ಸೇರಿದ ಮಕ್ಕಳಿಂದ ಹೀಗಿದೆ. ಈ ಹೆಚ್ಚುವರಿ ಪಾಯಿಂಟ್ ಆಯಾ ಕೋರ್ಸಿಗೆ ಸೇರುತ್ತೆ, ಆಮೇಲೆ ಎಲ್ಲದರ ಸರಾಸರಿ. ಕೊನೇ ಜಿಪಿಎಗೆ ನೇರವಾಗಿ ಸೇರೋದಲ್ಲ. ಎಲ್ಲರೂ ಎಡವೋದು ಇಲ್ಲೇ.

ನಿಮ್ಮ ಸ್ಕೂಲಲ್ಲಿ ಬ್ಲಾಕ್ ಪದ್ಧತಿ ಇರಬೇಕು, ಸೆಮಿಸ್ಟರಿಗೆ ನಾಲ್ಕೇ ಕೋರ್ಸ್. ನಿಮ್ಮ ಎರಡು ಅಂಕಿಗಳಿಂದ ಊಹಿಸಿದರೆ ಕಾರ್ಡು ಹೀಗಿರಬಹುದು: ಇಂಗ್ಲಿಷ್ ಆನರ್ಸ್ ಎ, ಮ್ಯಾಥ್ ಆನರ್ಸ್ ಎ, ಎಪಿ ವರ್ಲ್ಡ್ ಹಿಸ್ಟರಿ ಬಿ, ಆರ್ಕೆಸ್ಟ್ರಾ ಎ.

ಅನ್‌ವೇಟೆಡ್: 4 + 4 + 3 + 4 = 15, ನಾಲ್ಕರಿಂದ ಭಾಗಿಸಿದರೆ 3.75.
ವೇಟೆಡ್: 4.5 + 4.5 + 4 + 4 = 17, ನಾಲ್ಕರಿಂದ ಭಾಗಿಸಿದರೆ 4.25.

ಈಗ ಆರ್ಕೆಸ್ಟ್ರಾ ಸಾಲನ್ನ ಬೆರಳಿಂದ ಮುಚ್ಚಿ. ಮೂರೇ ಕೋರ್ಸ್ ಉಳಿಯುತ್ತೆ. ಅನ್‌ವೇಟೆಡ್ 11/3, ಅಂದರೆ 3.67. ವೇಟೆಡ್ 13/3, ಅಂದರೆ 4.33. ಬೆರಳು ತೆಗೆದರೆ ಒಂದು 3.67ರಿಂದ 3.75ಕ್ಕೆ ಏರುತ್ತೆ, ಇನ್ನೊಂದು 4.33ರಿಂದ 4.25ಕ್ಕೆ ಇಳಿಯುತ್ತೆ. ಅದೇ ಎ ಒಂದು ಕಡೆ ಎಳೆದು ಎತ್ತುತ್ತೆ, ಇನ್ನೊಂದು ಕಡೆ ಕೆಳಗೆ ಜಗ್ಗುತ್ತೆ. ಆರ್ಕೆಸ್ಟ್ರಾದಲ್ಲಿ ಸಿಗೋ ಗರಿಷ್ಠವೇ 4, ಆದರೆ ಅವಳ ವೇಟೆಡ್ ಸರಾಸರಿ ಆಗಲೇ 4 ದಾಟಿದೆ. ಸರಾಸರಿಗಿಂತ ಕಡಿಮೆ ಇರೋದನ್ನ ಸೇರಿಸಿದರೆ ಸರಾಸರಿ ಇಳಿಯಲೇಬೇಕಲ್ಲ.

ಡಲ್ಲಾಸ್ ದೊಡ್ಡಪ್ಪ: ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೋತೀರಿ? ಎಪಿಯಲ್ಲಿ ಬಿ ಬಂದರೂ ಎ ಬಂದ ಹಾಗೇ, ಕಣ್ಣು ಮುಚ್ಚಿ ಎಪಿ ತಗೊಳ್ಳಲಿ. ಮೇ ತಿಂಗಳಲ್ಲಿ ನಡೆಯೋ ಎಪಿ ಪರೀಕ್ಷೆಯಲ್ಲಿ 5 ಬಂತು ಅಂದರೆ ಜಿಪಿಎಗೂ 5 ಪಾಯಿಂಟ್ ಸೇರುತ್ತೆ. ನಮ್ಮ ಟೆಕ್ಸಾಸಲ್ಲಿ ವೇಟೆಡ್ ಜಿಪಿಎಯೇ ದೇವರು. ಕ್ಲಾಸಲ್ಲಿ ಮೊದಲ ಶೇಕಡಾ 10ರೊಳಗೆ ಬಂದರೆ ಸ್ಟೇಟ್ ಯೂನಿವರ್ಸಿಟಿಗೆ ತಾನಾಗೇ ಸೀಟು, 1997ರಿಂದ ಕಾನೂನೇ ಇದೆ. ನನ್ನ ಮಗ ಇದಕ್ಕೇ ಬ್ಯಾಂಡ್ ಬಿಟ್ಟ. ಆಮೇಲೆ ನೋಡಿದರೆ ನಮ್ಮ ಡಿಸ್ಟ್ರಿಕ್ಟಲ್ಲಿ ರ‍್ಯಾಂಕಿನ ಲೆಕ್ಕಕ್ಕೆ ಬ್ಯಾಂಡನ್ನ ಸೇರಿಸೋದೇ ಇಲ್ಲವಂತೆ! ಕೌನ್ಸೆಲರ್ ಮೊದಲೇ ಒಂದು ಮಾತು ಹೇಳಲಿಲ್ಲ. ಟ್ರಂಪೆಟ್ ಇನ್ನೂ ಗರಾಜಲ್ಲಿ ಬಿದ್ದಿದೆ.

ಲೆಕ್ಕದ ಮೇಷ್ಟ್ರು: ದೊಡ್ಡಪ್ಪನವರೇ, ಟೆಕ್ಸಾಸಿನ ಕಾನೂನಿನ ಮಾತು ಸರಿ. ಆಸ್ಟಿನ್ ಕ್ಯಾಂಪಸ್ಸಿಗೆ ಮಾತ್ರ ಶೇಕಡಾ 10 ಸಾಲದು, ಅಲ್ಲಿ ಮಿತಿ ಇನ್ನೂ ಬಿಗಿ. ಆದರೆ ಮೇ ಪರೀಕ್ಷೆಯ 5ಕ್ಕೂ ಜಿಪಿಎಯ 5ಕ್ಕೂ ಸಂಬಂಧ ಇಲ್ಲ. ಜಿಪಿಎಗೆ ಹೋಗೋದು ಕ್ಲಾಸಲ್ಲಿ ಟೀಚರ್ ಕೊಟ್ಟ ಗ್ರೇಡ್. ಪರೀಕ್ಷೆಯ ಅಂಕ ಕಾಲೇಜಲ್ಲಿ ಕ್ರೆಡಿಟ್ ಪಡೆಯೋಕೆ.

“ಎಪಿ ಬಿ ಅಂದರೆ ಎ ಇದ್ದ ಹಾಗೆ” ಅನ್ನೋದೂ ವೇಟೆಡ್‌ನಲ್ಲಿ ಮಾತ್ರ. ಇದೇ ಕಾರ್ಡಲ್ಲಿ ಆರ್ಕೆಸ್ಟ್ರಾ ಬದಲು ಇನ್ನೊಂದು ಎಪಿ ಇತ್ತು, ಅದರಲ್ಲಿ ಬಿ ಬಂತು ಅಂದುಕೊಳ್ಳಿ. ವೇಟೆಡ್ ಅದೇ 17/4, 4.25. ಕೂದಲೆಳೆಯಷ್ಟೂ ಏರಲಿಲ್ಲ. ಅನ್‌ವೇಟೆಡ್ ಮಾತ್ರ 14/4, ಅಂದರೆ 3.5ಕ್ಕೆ ಜಾರುತ್ತೆ. ಎ ಬಂದರೆ ಮಾತ್ರ ವೇಟೆಡ್ 4.5 ಆಗುತ್ತೆ, ಅನ್‌ವೇಟೆಡ್ 3.75ರಲ್ಲೇ ಇರುತ್ತೆ. ಹಾಗಾಗಿ ಮಗಳನ್ನ ಕೇಳಬೇಕಾದ್ದು “ಎಪಿ ಬೇಕಾ” ಅಂತಲ್ಲ, “ಈ ಎಪಿಯಲ್ಲಿ ಎ ತೆಗೀತೀಯಾ” ಅಂತ.

ವಿಟಿಯು ಬ್ಯಾಚ್: ನನ್ನದೂ ಇದೇ ಸಮಸ್ಯೆ. ಬಿಇ 7.9 ಸಿಜಿಪಿಎ. ಅಮೆರಿಕದಲ್ಲಿ ಎಂಎಸ್ ಮಾಡಬೇಕು ಅಂತಿದೀನಿ. ಹತ್ತರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ 3.16. ಇದು ವೇಟೆಡ್ಡಾ ಅನ್‌ವೇಟೆಡ್ಡಾ?

ಫ್ರೀಮಾಂಟ್ ಅಕ್ಕ: ತಮ್ಮಾ, ಅದು ಎರಡೂ ಅಲ್ಲ. ಇಲ್ಲಿ ನಡೀತಿರೋದು ಹೈಸ್ಕೂಲ್ ಲೆಕ್ಕ. ನೀನಾಗೇ ಗುಣಾಕಾರ ಮಾಡಬೇಡ, ಎಷ್ಟೋ ಯೂನಿವರ್ಸಿಟಿಗಳು 10ರ ಸ್ಕೇಲಲ್ಲೇ ತುಂಬು ಅಂತವೆ. ಅಪ್ಲಿಕೇಶನ್ ಸೂಚನೆ ಓದು.

ಮಂಡ್ಯದವರಿಗೆ ಒಂದು ಮಾತು: ನಿಮ್ಮ ಹತ್ತಿರ ಎರಡಲ್ಲ, ಮೂರು ಜಿಪಿಎ ಇದೆ! ನಮ್ಮ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಅರ್ಜಿ ಹಾಕಿದರೆ ಅವರು ಸ್ಕೂಲಿನ ವೇಟೆಡ್ ಅಂಕಿ ತಗೊಳ್ಳಲ್ಲ, ತಮ್ಮದೇ ಲೆಕ್ಕ ಹಾಕ್ತಾರೆ. 9ನೇ ಗ್ರೇಡ್ ಮುಗಿದ ಬೇಸಿಗೆಯಿಂದ 11ನೇ ಗ್ರೇಡ್ ಮುಗಿದ ಬೇಸಿಗೆವರೆಗಿನ, ಅವರು ಒಪ್ಪೋ ವಿಷಯಗಳು ಮಾತ್ರ. ಬೇರೆ ರಾಜ್ಯದ ಮಕ್ಕಳಿಗೆ ಸ್ಕೂಲಿನ ಆನರ್ಸ್ ಕೋರ್ಸಿಗೆ ಏನೂ ಸೇರಲ್ಲ, ಎಪಿ, ಐಬಿಗೆ ಮಾತ್ರ ಒಂದು ಪಾಯಿಂಟ್. ಅದಕ್ಕೂ ಮಿತಿ ಇದೆ: ಒಟ್ಟು ಎಂಟು ಸೆಮಿಸ್ಟರ್, ಅದರಲ್ಲಿ 10ನೇ ಗ್ರೇಡಿಂದು ನಾಲ್ಕಕ್ಕಿಂತ ಹೆಚ್ಚಿಲ್ಲ. ಮೇಷ್ಟ್ರು ಬರೆದ ಕಾರ್ಡನ್ನೇ ಹೀಗೆ ನೋಡಿದರೆ 4 + 4 + 4 + 4, ಅಂದರೆ 4.0. ಅಲ್ಲಿಗೆ ಆನರ್ಸ್ ಅರ್ಧಗಳು ಆವಿಯಾದವು.

ಲೆಕ್ಕದ ಮೇಷ್ಟ್ರು: ಹೌದು, ತಮ್ಮದೇ ಲೆಕ್ಕ ಹಾಕೋ ಕಾಲೇಜುಗಳು ಬೇರೆಯೂ ಇವೆ. ಎಷ್ಟೋ ಕಾಲೇಜುಗಳಿಗೆ ಒಂದೇ ಅರ್ಜಿ ಹಾಕೋ ಕಾಮನ್ ಆ್ಯಪಲ್ಲಿ ಜಿಪಿಎ, ಅದರ ಸ್ಕೇಲ್, ವೇಟೆಡ್ಡೋ ಅನ್‌ವೇಟೆಡ್ಡೋ, ಮೂರನ್ನೂ ಕೇಳ್ತಾರೆ. ಟ್ರಾನ್ಸ್‌ಕ್ರಿಪ್ಟಲ್ಲಿ ಇದ್ದದ್ದನ್ನೇ ಬರೀಬೇಕು. 4.25 ಬರೆದು ಅನ್‌ವೇಟೆಡ್ ಅಂತ ಒತ್ತಿದ ಹುಡುಗನನ್ನ ನಾನೇ ನೋಡಿದೀನಿ. 4ರ ಸ್ಕೇಲಲ್ಲಿ 4.25 ಬರೋದೇ ಸಾಧ್ಯವಿಲ್ಲ, ಪುಣ್ಯಕ್ಕೆ ಕಳಿಸೋ ಮುಂಚೆ ಅವನ ಅಕ್ಕ ಹಿಡಿದಳು. ಇನ್ನು ಪಕ್ಕದ ಮನೆಯವರ 4.6 ಜೊತೆ ಹೋಲಿಸೋಕೆ ಹೋಗಬೇಡಿ. ಬೇರೆ ರಾಜ್ಯದಲ್ಲಿ ಆನರ್ಸಿಗೂ ಪೂರ್ತಿ ಪಾಯಿಂಟ್ ಕೊಡೋ ಸ್ಕೂಲುಗಳಿವೆ, ಏನೂ ಕೊಡದವೂ ಇವೆ.

ಫ್ರೀಮಾಂಟ್ ಅಕ್ಕ: ಆದರೂ ಆರ್ಕೆಸ್ಟ್ರಾ ಬಿಡಿಸಬೇಡಿ ಅಂತೀನಿ ನಾನು. 0.08ಕ್ಕೋಸ್ಕರ ಪಿಟೀಲು ಬಿಡೋದಾ?

ಡಲ್ಲಾಸ್ ದೊಡ್ಡಪ್ಪ: ರ‍್ಯಾಂಕ್ ಇರೋ ಕಡೆ 0.08ಕ್ಕೆ ಎಷ್ಟು ಮಕ್ಕಳು ಮುಂದೆ ಹೋಗ್ತಾರೆ ಅಂತ ನನ್ನ ಕೇಳಿ ಅಕ್ಕಾ.

ಮಂಡ್ಯದ ಸೊಸೆ: ಮೇಷ್ಟ್ರೇ, ಕಾರ್ಡು ನೀವು ಊಹಿಸಿದ ಹಾಗೇ ಇದೆ, ಮ್ಯಾಥಲ್ಲಿ ಬಿ, ಹಿಸ್ಟರಿಯಲ್ಲಿ ಎ ಅನ್ನೋದೊಂದು ಬಿಟ್ಟರೆ. ಕೂಡಿದರೆ ಅದೇ 17 ಬಂತು. ಬೆರಳಿಟ್ಟು ಮುಚ್ಚಿ ತೋರಿಸಿದೆ, “ನಾನು ಹೇಳಿದ್ದು ಇದೇ ಅಲ್ವಾಮ್ಮಾ” ಅಂದಳು. ಎಪಿ ಕೆಮಿಸ್ಟ್ರಿಯಲ್ಲಿ ಎ ತೆಗೀತೀಯಾ ಅಂತ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಕೋರ್ಸ್ ಆರಿಸೋ ಫಾರ್ಮ್ ಶುಕ್ರವಾರ ಕೊಡಬೇಕು.