ಅತ್ತೆಯ ಮದುವೆ ಫೋಟೋ ಸೈಟಿಗೆ ಹಾಕಿದೆ, ಜೊತೆಗೆ ಮನೆ ಜಾಗವೂ ಹೋಯಿತಾ?

ಶಾರದಾ, ಕೊಥ್ರೂಡ್
ಅತ್ತೆ ಮಾವನ ಮದುವೆಯಾಗಿ 50 ವರ್ಷ ತುಂಬಿತು. ಹುಬ್ಬಳ್ಳಿಯಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೋ ಮಡಚಿದ ಕಡೆ ಬಿರುಕು ಬಿಟ್ಟಿತ್ತು. ಊಟದ ಮೇಜಿನ ಮೇಲಿಟ್ಟು ಮೊಬೈಲ್‌ನಲ್ಲಿ ಕ್ಲಿಕ್ ಮಾಡಿ, ಹಳೇ ಫೋಟೋ ಸರಿಮಾಡುವ ಒಂದು ಪುಕ್ಕಟೆ ಸೈಟಿಗೆ ಹಾಕಿದೆ. ಚೆನ್ನಾಗಿ ಬಂತು. ಅದೇ ಹುರುಪಲ್ಲಿ ನಾದಿನಿ ಮಗುವಿನ ನಾಮಕರಣದ್ದೂ ಸೇರಿ 11 ಫೋಟೋ ಹಾಕಿಬಿಟ್ಟೆ. ಈಗ ನಮ್ಮವರು, ಫೋಟೋ ಒಳಗೆ ಮನೆ ಲೊಕೇಶನ್ ಇರುತ್ತೆ ಅಂತಿದ್ದಾರೆ. ನಿಜವಾ? ಏನು ಮಾಡಲಿ?

ಸುಧೀಂದ್ರ, ಹಿಂಜವಡಿ
ಗ್ಯಾಲರಿಯಲ್ಲಿ ಆ ಫೋಟೋ ತೆರೆದು ಮೇಲಕ್ಕೆ ಸರಿಸಿ. ನಕ್ಷೆ ಕಾಣಿಸಿದರೆ ಫೈಲಿನಲ್ಲಿ ಲೊಕೇಶನ್ ಇರುವ ಸಾಧ್ಯತೆ ಜಾಸ್ತಿ. ಮದುವೆ ನಡೆದದ್ದು ಹುಬ್ಬಳ್ಳಿಯಲ್ಲಿ, ಆದರೆ ನಕ್ಷೆ ತೋರಿಸುವುದು ಕೊಥ್ರೂಡ್. ಮೊಬೈಲ್ ತಾನು ಕ್ಲಿಕ್ ಮಾಡಿದ ಜಾಗವನ್ನೇ ಬರೆದಿಡುತ್ತದೆ. ಅಕ್ಷಾಂಶದಲ್ಲಿ ಚುಕ್ಕೆಯ ನಂತರದ ನಾಲ್ಕನೇ ಅಂಕಿ ಅಂದರೆ ಸುಮಾರು 11 ಮೀಟರ್. ಯಾವ ಕಟ್ಟಡ ಅಂತ ತಿಳಿಯಲು ಅಷ್ಟು ಸಾಕು. ಮೂಲ ಫೈಲ್ ಹಾಗೇ ಹೋಗಿದ್ದರೆ ಅದೂ ಜೊತೆಗೇ ಹೋಗಿರುತ್ತದೆ.

ಪ್ರಭಾಕರ, ಘಾಟ್‌ಕೋಪರ್
ಅಕ್ಕನಿಗೆ ಅಕ್ಷಾಂಶ ಯಾಕೆ ಸರ್? ಸುಲಭದ ದಾರಿ ಹೇಳಿ. ಫೋಟೋವನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿ, ಅಲ್ಲಿಂದ ಇಳಿಸಿಕೊಂಡು ಸೈಟಿಗೆ ಹಾಕಿ. ಲೊಕೇಶನ್ ಹೋಗಿರುತ್ತೆ. ನಾನು ವರ್ಷಗಳಿಂದ ಹೀಗೇ ಮಾಡುತ್ತಿದ್ದೇನೆ. ಮುಗೀತು.

ಸುಧೀಂದ್ರ, ಹಿಂಜವಡಿ
ಮುಗಿಯಲಿಲ್ಲ. ಫೋಟೋ ಅಂತ ಕಳಿಸಿದರೆ ಲೊಕೇಶನ್ ಹೋಗುತ್ತೆ, ಒಪ್ಪುತ್ತೇನೆ. ಅದನ್ನೇ Document ಅಂತ ಆರಿಸಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ, ಲೊಕೇಶನ್ ಸಮೇತ. ಇನ್ನೊಂದು ತೊಂದರೆ, ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಸಣ್ಣದು ಮಾಡುತ್ತದೆ. ಬಿರುಕು ಸರಿಮಾಡಲು ಬೇಕಾದ ವಿವರವೇ ಅಳಿಸಿಹೋಗುತ್ತದೆ.

ಪ್ರಭಾಕರ, ಘಾಟ್‌ಕೋಪರ್
ಮನೆ ಫೋಟೋವನ್ನು ಯಾರಪ್ಪಾ Document ಅಂತ ಕಳಿಸ್ತಾರೆ? ಇಲ್ಲದ ಭಯ ಹುಟ್ಟಿಸಬೇಡಿ.

ರೇಖಾ, ಪಿಂಪ್ರಿ
ನಾನು ಕಳಿಸ್ತೇನೆ. ನಮ್ಮ ತಂಗಿ ಸೀಮಂತದ ಆಲ್ಬಮ್ ಮಾಡಿಸುವಾಗ ಸ್ಟುಡಿಯೋದವರೇ "ಕ್ಲಾರಿಟಿ ಬೇಕು, ಡಾಕ್ಯುಮೆಂಟ್ ಆಗಿ ಹಾಕಿ" ಅಂದರು. 60 ಫೋಟೋ ಹಾಗೇ ಹೋಯಿತು. ಪ್ರಿಂಟ್ ಮಾಡಿಸುವ ಎಲ್ಲರೂ ಹೀಗೇ ಕಳಿಸುವುದು.

ಪ್ರಭಾಕರ, ಘಾಟ್‌ಕೋಪರ್
ಹಾಗಾದರೆ ತಪ್ಪು ಸ್ಟುಡಿಯೋದವರದು, ವಾಟ್ಸಾಪ್‌ನದಲ್ಲ.

ವಾಮನ, ಡೊಂಬಿವಲಿ
ಸ್ಟುಡಿಯೋದವರ ತಪ್ಪಾ? 30 ವರ್ಷದಿಂದ ಕ್ಯಾಮೆರಾ ಹಿಡಿದಿದ್ದೇನೆ. ಇಲ್ಲಿನ ಎಷ್ಟೋ ಕನ್ನಡ ಮನೆಗಳ ಮದುವೆ, ಉಪನಯನದ ನೆಗೆಟಿವ್ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಒಂದೇ ಒಂದು ಹೊರಗೆ ಹೋಗಿಲ್ಲ. ಪ್ರಿಂಟ್ ಚೆನ್ನಾಗಿ ಬರಲಿ ಅಂತ ಡಾಕ್ಯುಮೆಂಟ್ ಕೇಳುತ್ತೇವೆ. ಶಾರದಕ್ಕನ ಫೋಟೋ ನನ್ನ ಹತ್ತಿರ ತಂದಿದ್ದರೆ ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ, ಇಂಟರ್ನೆಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕೈಯಾರೆ ಬಿರುಕು ಮುಚ್ಚುತ್ತಿದ್ದೆ. ಸ್ಕ್ಯಾನರ್ ಲೊಕೇಶನ್ ಬರೆಯುವುದಿಲ್ಲ.

ಪ್ರಭಾಕರ, ಘಾಟ್‌ಕೋಪರ್
ಕೊನೆಗೂ ನಿಮ್ಮ ಅಂಗಡಿಗೆ ಬನ್ನಿ ಅಂತ ತಾನೇ?

ವಾಮನ, ಡೊಂಬಿವಲಿ
ನಾನು ಅಂಗಡಿ ಹೆಸರು ಹೇಳಿದೆನಾ? ರೇಟ್ ಹೇಳಿದೆನಾ? ಹೊಟ್ಟೆಪಾಡಿನ ಮಾತು ತೆಗೆಯಬೇಡಿ. ಬಿರುಕು ಮೂಗಿನ ಮೇಲೆ ಹಾದುಹೋಗಿದ್ದರೆ ಆ ಸೈಟು ಮೂಗನ್ನೇ ಹೊಸದಾಗಿ ಬರೆದುಕೊಡುತ್ತದೆ. ಅದು ನಿಮ್ಮ ಅತ್ತೆಯ ಮೂಗಲ್ಲ. ಅದನ್ನು ಯಾರೂ ಕೇಳುತ್ತಿಲ್ಲ.

ನಿತ್ಯಾನಂದ, ವಾಸ್ಕೋ
ಫೋಟೋ ಹೊರಗೆ ಹೋಗುವ ವಿಷಯ ಬಂತಲ್ಲ, ನನ್ನದೂ ಕೇಳಿ. ಅಮ್ಮನ ವರ್ಷಾಂತಿಕಕ್ಕೆ ಚೌಕಟ್ಟು ಹಾಕಿಸಬೇಕಿತ್ತು. ಫೋಟೋದ ಹಿಂದಿನ ಗೋಡೆ ತೆಗೆಯಲು ಒಂದು ಸೈಟಿಗೆ ಹಾಕಿದೆ. ಕೆಲಸ ಆದಮೇಲೆ ಫೋಟೋ ಬದಲು ಅದರ ಲಿಂಕನ್ನೇ ಮನೆಯವರ ಗ್ರೂಪಿಗೆ ಕಳಿಸಿದೆ. ಎರಡು ತಿಂಗಳಾದ ಮೇಲೆ ಆಫೀಸಿನ ಕಂಪ್ಯೂಟರ್‌ನಲ್ಲಿ ಆ ಲಿಂಕ್ ಒತ್ತಿದರೆ, ಲಾಗಿನ್ ಕೇಳದೆ ಅಮ್ಮನ ಮುಖ ಬಂತು. ಎದೆ ಧಸಕ್ ಅಂತು. ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದಿತ್ತು.

ಸುಧೀಂದ್ರ, ಹಿಂಜವಡಿ
ನಿತ್ಯಾನಂದಣ್ಣ ಹೇಳಿದ್ದನ್ನು ಶಾರದಾ ಅವರು ಈಗಲೇ ಪರೀಕ್ಷೆ ಮಾಡಬಹುದು. ಸೈಟು ಕೊಟ್ಟ ಫೋಟೋದ ಲಿಂಕ್ ಇದ್ದರೆ ಅದನ್ನು ಬ್ರೌಸರ್‌ನ Incognito ಕಿಟಕಿಯಲ್ಲಿ ತೆರೆಯಿರಿ. ಫೋಟೋ ಬಂತು ಅಂದರೆ ಅದಕ್ಕೆ ಬಾಗಿಲೇ ಇಲ್ಲ. ಸೈಟಿನಲ್ಲಿ ಅಳಿಸುವ ಗುಂಡಿ ಒತ್ತಿ, ಮರುದಿನ ಅದೇ ಲಿಂಕ್ ಮತ್ತೆ ನೋಡಿ.

ಪ್ರಭಾಕರ, ಘಾಟ್‌ಕೋಪರ್
ಬಾಗಿಲೇ ಇಲ್ಲ ಅಂದರೆ ಹೇಗೆ? ಸೈಟಿನ ವಿಳಾಸದ ಪಕ್ಕ ಬೀಗದ ಗುರುತು ಇದೆಯಲ್ಲ.

ರೇಖಾ, ಪಿಂಪ್ರಿ
ಆ ಬೀಗ ದಾರಿಗೆ ಮಾತ್ರ ಸರ್. ನಿಮ್ಮ ಮೊಬೈಲ್‌ನಿಂದ ಅವರ ಸರ್ವರ್ ತನಕ ಮಧ್ಯೆ ಯಾರೂ ಇಣುಕುವುದಿಲ್ಲ, ಅಷ್ಟೇ. ತಲುಪಿದ ಮೇಲೆ ಅವರು ಏನು ಮಾಡುತ್ತಾರೆ ಅನ್ನುವುದಕ್ಕೂ ಬೀಗಕ್ಕೂ ಸಂಬಂಧವಿಲ್ಲ.

ಪ್ರಭಾಕರ, ಘಾಟ್‌ಕೋಪರ್
ಅದಕ್ಕೇ ಹೇಳಿದ್ದು, ವಾಟ್ಸಾಪ್ ಮೂಲಕ ಲೊಕೇಶನ್ ತೆಗೆದು ಹಾಕಿ ಅಂತ. ಆಮೇಲೆ ಅವರು ಏನು ಮಾಡಿದರೆ ನಮಗೇನು?

ರೇಖಾ, ಪಿಂಪ್ರಿ
ನಮಗೇನು ಅಂದರೆ? ನಾಮಕರಣದ ಫೋಟೋದಲ್ಲಿ ಮಗುವಿನ ಮುಖ ಇದೆ. ತೊಟ್ಟಿಲ ಹಿಂದೆ ಹೆಸರು ಬರೆದ ಬೋರ್ಡ್ ಇರುತ್ತೆ. ಬಾಗಿಲಲ್ಲಿ ನಿಂತು ತೆಗೆಸಿದ್ದರೆ ಸೊಸೈಟಿ ಹೆಸರೂ ಕಾಣುತ್ತೆ. ಯಾವ ವಾಟ್ಸಾಪ್ ತೆಗೆಯುತ್ತೆ ಅದನ್ನು?

ಪ್ರಭಾಕರ, ಘಾಟ್‌ಕೋಪರ್
ಪ್ರಶ್ನೆ ಕೇಳಿದ್ದು ಲೊಕೇಶನ್ ಬಗ್ಗೆ. ಅದಕ್ಕೆ ನನ್ನ ಉತ್ತರ ಸರಿ ಇದೆ. ಬೋರ್ಡ್, ತೊಟ್ಟಿಲು ನೀವು ತಂದದ್ದು.

ಸುಧೀಂದ್ರ, ಹಿಂಜವಡಿ
ಲೊಕೇಶನ್ ಮಾತ್ರ ತೆಗೆಯಲು ವಾಟ್ಸಾಪ್ ಸುತ್ತಬೇಕಾಗಿಲ್ಲ. ಐಫೋನ್ ಇದ್ದರೆ ಹಂಚುವಾಗ ಮೇಲೆ Options ಒಳಗೆ Location ಆಫ್ ಮಾಡಿದರೆ ಸಾಕು. ಕಂಪ್ಯೂಟರ್‌ನಲ್ಲಿ ಎಕ್ಸಿಫ್‌ಟೂಲ್ ಅನ್ನುವ, ಫೋಟೋ ಒಳಗಿನ ಮಾಹಿತಿ ಓದುವ, ಅಳಿಸುವ ತಂತ್ರಾಂಶ ಇದ್ದರೆ ಟರ್ಮಿನಲ್‌ನಲ್ಲಿ ಎರಡು ಸಾಲು:

```
exiftool -gps:all maduve.jpg
exiftool -gps:all= maduve.jpg
```

ಮೊದಲನೆಯದು ಏನಿದೆ ಅಂತ ತೋರಿಸುತ್ತದೆ. ಎರಡನೆಯದು ಅಳಿಸುತ್ತದೆ. ವ್ಯತ್ಯಾಸ ಆ ಸಮ ಚಿಹ್ನೆ ಮಾತ್ರ. ಅಳಿಸಿದ ಮೇಲೆ ಮೊದಲನೆಯದನ್ನು ಮತ್ತೆ ಓಡಿಸಿ, ಏನೂ ಬರಬಾರದು. ಹಳೆಯ ಫೈಲನ್ನು ಅದು `maduve.jpg_original` ಅಂತ ಪಕ್ಕದಲ್ಲೇ ಇಟ್ಟಿರುತ್ತದೆ. ಅದರಲ್ಲಿ ಲೊಕೇಶನ್ ಹಾಗೇ ಇರುತ್ತದೆ, ಫೋಲ್ಡರ್ ಪೂರ್ತಿ ಯಾರಿಗೂ ಕಳಿಸಬೇಡಿ. ಫೋಟೋದ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ.

ವಾಮನ, ಡೊಂಬಿವಲಿ
ಗುಣಮಟ್ಟದ ಮಾತು ಬಂತಲ್ಲ. ಮೇಜಿನ ಮೇಲಿಟ್ಟು ಮೊಬೈಲ್‌ನಲ್ಲಿ ತೆಗೆದರೆ ಟ್ಯೂಬ್‌ಲೈಟ್ ಹೊಳಪು ಬಿದ್ದಿರುತ್ತದೆ. ಆಗಲೇ ಕೆಟ್ಟಿದೆ.

ಶಾರದಾ, ಕೊಥ್ರೂಡ್
ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ. 11ರಲ್ಲಿ 7ಕ್ಕೆ ನಕ್ಷೆ ಬಂತು, ಎಲ್ಲವೂ ನಮ್ಮ ಕಟ್ಟಡದ್ದೇ. ಉಳಿದ 4 ನಾದಿನಿ ವಾಟ್ಸಾಪ್‌ನಲ್ಲಿ ಕಳಿಸಿದ್ದು, ಅವುಗಳಲ್ಲಿ ಇಲ್ಲ. ಲಿಂಕ್ ಇಟ್ಟುಕೊಂಡಿಲ್ಲ. ಸೈಟಿನಲ್ಲಿ ಅಕೌಂಟ್ ಮಾಡಿರಲಿಲ್ಲ, ಅಳಿಸುವ ಗುಂಡಿ ಎಲ್ಲೂ ಕಾಣುತ್ತಿಲ್ಲ.

ಪ್ರಭಾಕರ, ಘಾಟ್‌ಕೋಪರ್
ನೋಡಿ, ವಾಟ್ಸಾಪ್ 4 ಫೋಟೋದಲ್ಲಿ ಲೊಕೇಶನ್ ಇಲ್ಲ. ನಾನು ಹೇಳಿದ್ದು ಅದೇ.

ಸುಧೀಂದ್ರ, ಹಿಂಜವಡಿ
ಶಾರದಾ ಅವರೇ, ಆ 7 ಫೋಟೋ ಆರಿಸುವಾಗ ಮೊಬೈಲ್‌ನಲ್ಲಿ ಫೋಟೋಗಳ ಕಿಟಕಿ ಬಂತಾ, ಇಲ್ಲ Files ಒಳಗೆ ಹೋಗಿ ಆರಿಸಿದಿರಾ? ಆಂಡ್ರಾಯ್ಡ್ 10ರಿಂದ ಈಚೆಗೆ, ಪ್ರತ್ಯೇಕ ಅನುಮತಿ ಇಲ್ಲದ ಆಪ್‌ಗೆ ಲೊಕೇಶನ್ ತೆಗೆದ ಪ್ರತಿ ಕೊಡುವ ವ್ಯವಸ್ಥೆ ಇದೆ. ನನ್ನ ಮೊಬೈಲ್‌ನಲ್ಲಿ ಒಂದೇ ಫೋಟೋವನ್ನು ಎರಡೂ ದಾರಿಯಲ್ಲಿ ನನ್ನದೇ ಸರ್ವರ್‌ಗೆ ಹಾಕಿ ನೋಡಿದ್ದೇನೆ. ಫೋಟೋ ಕಿಟಕಿಯಿಂದ ಹಾಕಿದಾಗ ಲೊಕೇಶನ್ ಇರಲಿಲ್ಲ. Files ಇಂದ ಹಾಕಿದಾಗ ಇತ್ತು. ನಿಮ್ಮ ಮೊಬೈಲ್‌ನಲ್ಲಿ ಹೀಗೇ ಅಂತ ಖಾತ್ರಿ ಕೊಡಲಾರೆ.

ಶಾರದಾ, ಕೊಥ್ರೂಡ್
ಅಯ್ಯೋ, ಯಾವುದರಿಂದ ಹಾಕಿದೆ ಅಂತ ನೆನಪೇ ಇಲ್ಲ.

ರೇಖಾ, ಪಿಂಪ್ರಿ
ಅಕ್ಕ, ಸೈಟಿನ ಪ್ರೈವೆಸಿ ಪುಟದ ಕೊನೆಗೆ ಇಮೇಲ್ ಇರುತ್ತೆ. ಹಾಕಿದ ದಿನ, ಗಂಟೆ, ಫೈಲ್ ಹೆಸರು ಬರೆದು ಅಳಿಸಿ ಅಂತ ಕೇಳಿ. ಮಗುವಿನ ಫೋಟೋ ಇದೆ ಅಂತಲೂ ಬರೆಯಿರಿ. ಮತ್ತೆ ಫೋಟೋ ಲಗತ್ತಿಸಬೇಡಿ.

ಪ್ರಭಾಕರ, ಘಾಟ್‌ಕೋಪರ್
ಅಳಿಸಿ ಅಂದರೆ ಅಳಿಸುತ್ತಾರೆ. ದೊಡ್ಡ ಕಂಪನಿಗಳಿಗೆ ನಮ್ಮ ಅತ್ತೆಯ ಫೋಟೋ ಕಟ್ಟಿಕೊಂಡು ಏನಾಗಬೇಕು?

ಸುಧೀಂದ್ರ, ಹಿಂಜವಡಿ
ಏನಾಗಬೇಕು ಅಂತ ಕೇಳಿದಿರಿ. ಅಮೆರಿಕದಲ್ಲಿ ಎವರ್‌ಆಲ್ಬಮ್ ಅನ್ನುವ ಫೋಟೋ ಕಂಪನಿ ಇತ್ತು. ಅಕೌಂಟ್ ಮುಚ್ಚಿದರೆ ಫೋಟೋ ಅಳಿಸುತ್ತೇವೆ ಅಂದಿತ್ತು, ಅಳಿಸಿರಲಿಲ್ಲ. ಜನರ ಫೋಟೋಗಳಿಂದ ಮುಖ ಗುರುತಿಸುವ ತಂತ್ರಾಂಶವನ್ನೂ ಕಟ್ಟಿತ್ತು. 2021ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಫೋಟೋಗಳ ಜೊತೆ ಆ ತಂತ್ರಾಂಶವನ್ನೂ ಅಳಿಸಲು ಹೇಳಿತು.

ಪ್ರಭಾಕರ, ಘಾಟ್‌ಕೋಪರ್
ಅಮೆರಿಕದ ಕಥೆ ಪುಣೆಗೆ ಯಾಕೆ? ನಮ್ಮಲ್ಲೂ 2023ರಲ್ಲಿ ಡೇಟಾ ಕಾನೂನು ಆಗಿದೆ. ಆದರೆ ಮನೆ ಬಳಕೆಗೆ ಅದು ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಓದಿ.

ಸುಧೀಂದ್ರ, ಹಿಂಜವಡಿ
ಅರ್ಧ ಓದಿದ್ದೀರಿ. ಆ ವಿನಾಯಿತಿ ಸ್ವಂತಕ್ಕೆ, ಮನೆಗೆ ಅಂತ ಬಳಸುವ ವ್ಯಕ್ತಿಗೆ. ಅಂದರೆ ಶಾರದಾ ಅವರಿಗೆ. ಸೈಟು ನಡೆಸುವ ಕಂಪನಿಗೆ ಅಲ್ಲ. 18 ವರ್ಷದೊಳಗಿನವರ ಮಾಹಿತಿಗೆ ಕಂಪನಿ ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು ಅಂತಲೂ ಅದರಲ್ಲಿದೆ.

ಪ್ರಭಾಕರ, ಘಾಟ್‌ಕೋಪರ್
ಅರ್ಧ ಓದಿದ್ದು ನಾನಾ? ವಾಟ್ಸಾಪ್ ವಿಷಯದಲ್ಲಿ ಮೊದಲು ಒಪ್ಪಿ, ಆಮೇಲೆ ಕಾನೂನು ಹೇಳಿ.

ನಿತ್ಯಾನಂದ, ವಾಸ್ಕೋ
ಜಗಳ ಬಿಡಿ. ಫೋಟೋ ಹೊರಗೇ ಹೋಗದ ಸೈಟು ಇಲ್ವಾ? ನನಗೆ ಬೇಕಾದದ್ದು ಅದು.

ಸುಧೀಂದ್ರ, ಹಿಂಜವಡಿ
ಇವೆ. ಫೋಟೋಪಿಯಾ ಅಂಥದ್ದು, ಕೆಲಸವೆಲ್ಲ ನಿಮ್ಮ ಬ್ರೌಸರ್ ಒಳಗೇ ಆಗುತ್ತದೆ. ಬೇರೆ ಸೈಟಾದರೆ ಹೀಗೆ ನೋಡಿ. ಪುಟ ಪೂರ್ತಿ ತೆರೆದ ಮೇಲೆ ಏರೋಪ್ಲೇನ್ ಮೋಡ್ ಹಾಕಿ. ಗಿಡದ್ದೋ ಗೋಡೆಯದ್ದೋ ಒಂದು ಫೋಟೋ ಕೊಡಿ. ಕೆಲಸ ಆದರೆ ಅದು ಮೊಬೈಲ್‌ನಲ್ಲೇ ಮಾಡುತ್ತಿದೆ. ನಿಂತರೆ ಫೋಟೋ ಅವರ ಸರ್ವರ್‌ಗೆ ಬೇಕು ಅಂತ ಅರ್ಥ. ಕೆಲಸ ಆದರೂ ನೆಟ್ ಬಂದ ಮೇಲೆ ಕಳಿಸುವ ಸಾಧ್ಯತೆ ಇರುತ್ತದೆ. ಫೋಟೋ ಉಳಿಸಿಕೊಂಡು, ಆ ಟ್ಯಾಬ್ ಮುಚ್ಚಿ, ಆಮೇಲೆ ನೆಟ್ ಹಾಕಿ. ಒಂದೇ ಒತ್ತಿಗೆ ಬಿರುಕು ಸರಿಮಾಡುವ ಸೈಟುಗಳು ಈ ಪರೀಕ್ಷೆಯಲ್ಲಿ ಹೆಚ್ಚಾಗಿ ನಿಲ್ಲುವುದಿಲ್ಲ.

ವಾಮನ, ಡೊಂಬಿವಲಿ
ಬಿರುಕಿನ ಕೆಲಸಕ್ಕೆ ಕೈ ಬೇಕು. ಪಕ್ಕದ ಭಾಗವನ್ನು ನಕಲಿಸಿ ಬಿರುಕಿನ ಮೇಲೆ ಹಚ್ಚುವ ಕ್ಲೋನ್ ಸ್ಟ್ಯಾಂಪ್ ಫೋಟೋಪಿಯಾದಲ್ಲೂ ಇದೆ, ಆದರೆ ಮುಖದ ಹತ್ತಿರ ಬ್ರಷ್ ಸಣ್ಣದು ಮಾಡಿಕೊಂಡು ಗಂಟೆಗಟ್ಟಲೆ ಕೂರಬೇಕು.

ಶಾರದಾ, ಕೊಥ್ರೂಡ್
ಇಮೇಲ್ ಬರೆದೆ. ರೇಖಾ ಹೇಳಿದ ಹಾಗೆ ದಿನ, ಫೈಲ್ ಹೆಸರು ಹಾಕಿದ್ದೇನೆ. ವಾಮನ್ ಸರ್, ಸೈಟು ಕೊಟ್ಟ ಫೋಟೋ ಅತ್ತೆಗೆ ತೋರಿಸಿದೆ. "ಇದರಲ್ಲಿ ನನ್ನ ಮೂಗುಬೊಟ್ಟು ಎಡಕ್ಕಿದೆಯಲ್ಲೇ" ಅಂದರು. ಅವರು ಹಾಕುವುದು ಬಲಕ್ಕೆ. ಇನ್ನು ನಾದಿನಿಗೆ ಹೇಳಬೇಕು. ಮಗುವಿನ ಫೋಟೋ ಹಾಕುವ ಮೊದಲು ಅವಳನ್ನು ಕೇಳಿರಲಿಲ್ಲ.

ಪ್ರಭಾಕರ, ಘಾಟ್‌ಕೋಪರ್
ನಾದಿನಿ ಕಳಿಸಿದ್ದು ವಾಟ್ಸಾಪ್‌ನಲ್ಲೇ ಅಲ್ವಾ? ಹಾಗಿದ್ದರೆ ಅವುಗಳಲ್ಲಿ ಲೊಕೇಶನ್ ಇಲ್ಲ ಅಂತ ಧೈರ್ಯವಾಗಿ ಹೇಳಿ.

ರೇಖಾ, ಪಿಂಪ್ರಿ
ಅವಳು ಕೇಳುವುದು ಲೊಕೇಶನ್ ಬಗ್ಗೆ ಅಲ್ಲ ಸರ್.